ಪರಿಚಯದಲ್ಲಿ ಓದಿದ ಪೇಪರ್ ನನ್ನದಾಗಿರಲಿಲ್ಲ

ಭಾಷಣಕ್ಕೆ ಆಹ್ವಾನ ಬಂದಾಗ ಖುಷಿಯಾಗಿತ್ತು. ಸೆಷನ್ ಚೇರ್ ನನ್ನ ಪರಿಚಯ ಓದತೊಡಗಿದರು. ಮಣ್ಣಿನ ಸೂಕ್ಷ್ಮಜೀವಿಗಳ ಸಂಶೋಧಕಿ ಅನ್ನುವವರೆಗೆ ಸರಿಯಾಗಿತ್ತು. ಆಮೇಲೆ, "ಮೂಳೆ ಕ್ಯಾನ್ಸರ್ ಬಗ್ಗೆ ಇವರು ಬರೆದ ಪೇಪರ್‌ಗೆ ಸೈಟೇಶನ್ ಬಹಳ ಇದೆ" ಅಂದರು. ಆ ಪೇಪರ್ ನನ್ನದಲ್ಲ. ಮಧ್ಯೆ ಬಾಯಿ ಹಾಕಿದರೆ ಅವರಿಗೆ ಅವಮಾನ, ಸುಮ್ಮನಿದ್ದರೆ ನಾನು ಸುಳ್ಳನ್ನು ಒಪ್ಪಿದ ಹಾಗೆ. ಎದುರಿಗೆ ಕೂತವರಲ್ಲಿ ಆ ವಿಷಯ ಬಲ್ಲವರೂ ಇರಬಹುದಿತ್ತು. ಮೈಕ್ ಕೈಗೆ ಬಂದ ಕೂಡಲೇ, "ಆ ಪೇಪರ್ ನನ್ನ ಹೆಸರಿನವರೇ ಆದ ಬೇರೊಬ್ಬರದು" ಎಂದೆ. ಸಭೆ ಒಂದು ಕ್ಷಣ ಮೌನವಾಯಿತು. ಚೇರ್ ಮೆತ್ತಗೆ, "ಮೇಡಂ, ನಿಮ್ಮ ಪ್ರೊಫೈಲ್‌ನಿಂದಲೇ ತೆಗೆದಿದ್ದು" ಎಂದರು.

ಅವರು ಹೇಳಿದ್ದು ನಿಜ. ಪೇಪರ್‌ಗಳ ಪಟ್ಟಿ ಇಡುವ ಸೈಟ್‌ಗಳು ಬಹಳಷ್ಟು ಸಲ ಹೆಸರು, ಸಹಲೇಖಕರು, ವಿಷಯ ನೋಡಿ ಊಹೆಯ ಮೇಲೆ ಪೇಪರ್ ಸೇರಿಸುತ್ತವೆ. ಇನಿಷಿಯಲ್ ಮತ್ತು ಹೆಸರು ಎರಡೂ ಒಂದೇ ಆಗಿದ್ದರೆ ಇಬ್ಬರ ಕೆಲಸ ಒಂದೇ ಪಟ್ಟಿಗೆ ಬೀಳಬಹುದು. ಉಲ್ಟಾ ಕೂಡ ಆಗುತ್ತದೆ. ಒಂದು ಪೇಪರ್‌ನಲ್ಲಿ ಪೂರ್ತಿ ಹೆಸರು, ಇನ್ನೊಂದರಲ್ಲಿ ಬರೀ ಇನಿಷಿಯಲ್ ಇದ್ದರೆ ಒಬ್ಬರೇ ಇಬ್ಬರಾಗಿ ಕಾಣುತ್ತಾರೆ. ಪಟ್ಟಿಯಲ್ಲಿ ನಿಮಗೆ ಗೊತ್ತೇ ಇಲ್ಲದ ಸಹಲೇಖಕರು ಕಂಡರೆ, ಅಥವಾ ಸೈಟೇಶನ್ ಒಂದೇ ಸಲ ಜಿಗಿದರೆ, ಬೆರಕೆಯಾಗಿದೆ ಎಂದೇ ಅನುಮಾನಿಸಿ.

ನಾನು ಮೊದಲು ತಾನಾಗಿ ಸೇರಿಸುವ ಆಯ್ಕೆ ತೆಗೆದು, ನನಗೆ ಮೇಲ್ ಬಂದು ನಾನು ಒಪ್ಪಿದ ಮೇಲೆ ಸೇರುವ ಹಾಗೆ ಬದಲಿಸಿದೆ. ಆಮೇಲೆ ಸಂಶೋಧಕರ ಗುರುತಿನ ಸಂಖ್ಯೆಯಾದ ORCID ಕಡೆ ಗಮನ ಕೊಟ್ಟೆ. 16 ಅಂಕಿಗಳ ಈ ಗುರುತು ಹೆಸರು ಬದಲಾದರೂ ಕೆಲಸದ ಜಾಗ ಬದಲಾದರೂ ನಮ್ಮ ಜೊತೆಗೇ ಇರುತ್ತದೆ. ಪೇಪರ್ ಸಲ್ಲಿಸುವಾಗಲೇ ಅದನ್ನು ಕೊಟ್ಟು, ಪ್ರಕಾಶಕರು ಪೇಪರ್‌ಗಳ ವಿವರ ದಾಖಲಿಸುವ ಕ್ರಾಸ್‌ರೆಫ್‌ಗೆ ಅನುಮತಿ ಕೊಟ್ಟಿದ್ದರೆ, ಪ್ರಕಟವಾದದ್ದು ನಮ್ಮ ದಾಖಲೆಗೆ ತಾನಾಗಿ ಬಂದು ಸೇರುತ್ತದೆ. ಹಳೆಯ ಪೇಪರ್‌ಗಳನ್ನು ಮಾತ್ರ ನಾವೇ ಕೂತು ಹಾಕಬೇಕು.

ಸಹಯೋಗ ಹುಡುಕುವವರಿಗೆ ಇನ್ನೂ ಮುಖ್ಯವಾದದ್ದು ಪ್ರೊಫೈಲ್‌ನಲ್ಲಿರುವ ಆಸಕ್ತಿಯ ವಿಷಯಗಳ ಸಾಲು. ನಾನು "ಸೂಕ್ಷ್ಮಜೀವಶಾಸ್ತ್ರ" ಅಂತ ಇಟ್ಟಿದ್ದೆ. ಅಷ್ಟು ಅಗಲದ ಪದ ಒತ್ತಿದರೆ ಹೆಚ್ಚು ಸೈಟೇಶನ್ ಇರುವವರೇ ಮೇಲೆ ಬರುತ್ತಾರೆ, ನಾನು ಎಲ್ಲೋ ಕೆಳಗೆ. "ಉಪ್ಪು ಮಣ್ಣಿನ ಬೇರುಗಂಟು ಬ್ಯಾಕ್ಟೀರಿಯಾ" ಅಂತ ಬದಲಿಸಿದ ಮೇಲೆ ಬಂದ ಮೇಲ್‌ಗಳು ನೇರವಾಗಿ ಆ ಕೆಲಸದ ಬಗ್ಗೆಯೇ ಇದ್ದವು. ಒಬ್ಬರು ತಮ್ಮ ಬಳಿ ಮಣ್ಣಿನ ಮಾದರಿ ಇದೆ, ಅದರಿಂದ ಬ್ಯಾಕ್ಟೀರಿಯಾ ಐಸೊಲೇಟ್ ಮಾಡಿ ಕೊಡುತ್ತೀರಾ ಎಂದು ಕೇಳಿದರು. ಇದರ ಜೊತೆಗೆ ನಾನು ಮಾತಾಡಬಲ್ಲ ವಿಷಯಗಳ ಶೀರ್ಷಿಕೆ ಮತ್ತು ಪರಿಚಯದ ಪುಟ್ಟ ಪ್ಯಾರಾ ಇಟ್ಟಿದ್ದೇನೆ. ಸಂಘಟಕರು ಈಗ ಅದನ್ನೇ ಓದುತ್ತಾರೆ.

ಬೇಸರ ಆಗಿದ್ದು ನಮ್ಮ ಆಡಳಿತದ ಬಗ್ಗೆ. ಬೇರೆಯವರ ಪೇಪರ್ ತೆಗೆದ ಮೇಲೆ ಪೇಪರ್ ಮತ್ತು ಸೈಟೇಶನ್ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ನನ್ನ ಎಚ್-ಇಂಡೆಕ್ಸ್ ಇಳಿಯಿತು, ಇಳಿಯಲೇಬೇಕಲ್ವಾ. ಅಪ್ರೈಸಲ್ ಫಾರ್ಮ್ ವಾಪಸ್ ಬಂತು, "ಕಳೆದ ವರ್ಷಕ್ಕಿಂತ ಕಡಿಮೆ, ಕಾರಣ ತಿಳಿಸಿ" ಎಂದು. ತೆಗೆದ ಪೇಪರ್‌ಗಳ ಪಟ್ಟಿಯನ್ನೇ ಲಗತ್ತಿಸಿ ಕಳಿಸಿದೆ.