ಕ್ರಂಬಲ್ ಮೇಲಿನ ಗಂಟುಗಳು

ಮಲ್ಲೇಶ್ವರದಲ್ಲಿ ಇವತ್ತು ಒಳ್ಳೆ ಹುಳಿ ಪ್ಲಮ್ ಸಿಕ್ತು. ಸಂಜೆಗೆ ಕ್ರಂಬಲ್, ಅಂದ್ರೆ ಹಣ್ಣಿನ ಮೇಲೆ ಬೆಣ್ಣೆ-ಹಿಟ್ಟಿನ ಗಂಟು ಉದುರಿಸಿ ಓವನ್‌ನಲ್ಲಿ ಬೇಯಿಸೋ ಸಿಹಿ.

ಹಣ್ಣಿಗಿಂತ ಮೇಲಿನ ಗರಿಗರಿ ಗಂಟುಗಳೇ ನನಗಿಷ್ಟ. ಮೈದಾ 100 ಗ್ರಾಂ, ಓಟ್ಸ್ 50, ಕಂದು ಸಕ್ಕರೆ 75, ತಣ್ಣನೆ ಬೆಣ್ಣೆ 85. ಓಟ್ಸ್ ದಪ್ಪದ್ದೇ ಇರಲಿ, ಇನ್‌ಸ್ಟಂಟ್ ಆದ್ರೆ ಹಿಟ್ಟಲ್ಲೇ ಕಳೆದುಹೋಗುತ್ತೆ.

ಬೆರಳ ತುದಿಯಲ್ಲಿ ಬೆಣ್ಣೆ ಉಜ್ಜಿ, ಆಮೇಲೆ ಮುಷ್ಟಿಯಲ್ಲಿ ಹಿಡಿದು ನೋಡಿ. ಉಂಡೆ ನಿಲ್ಲಬೇಕು, ಮುರಿದ್ರೆ ತುಂಡಾಗಬೇಕು. ಮರಳಿನ ಹಾಗೆ ಉದುರಿದ್ರೆ ಇನ್ನೊಂದು ಚಮಚ ಬೆಣ್ಣೆ. ತಕ್ಕಡಿಗಿಂತ ಈ ಮುಷ್ಟಿಯನ್ನೇ ನಾನು ಹೆಚ್ಚು ನಂಬೋದು.

ಆಮೇಲೆ ಇಪ್ಪತ್ತು ನಿಮಿಷ ಫ್ರಿಜ್. ತಣ್ಣಗಿದ್ರೆ ಬೆಣ್ಣೆ ನಿಧಾನ ಕರಗುತ್ತೆ, ಗಂಟು ಹರಡೋ ಮೊದಲೇ ಗಟ್ಟಿಯಾಗುತ್ತೆ. ಹಣ್ಣಿನ ಮೇಲೆ ಸುಮ್ನೆ ಉದುರಿಸಿ, ಒತ್ತಬೇಡಿ, ಆವಿ ಹೊರಗೆ ಹೋಗಬೇಕಲ್ಲ.

180 ಡಿಗ್ರಿಯಲ್ಲಿ ಹೊಂಬಣ್ಣ ಬರೋವರೆಗೆ. ಬಿಸಿಯಲ್ಲಿ ಮೆತ್ತಗೇ ಇರುತ್ತೆ, ಸ್ವಲ್ಪ ಆರಿದ ಮೇಲೇ ಕರಕರ.