ಬ್ಯಾಗ್ ಕೆಳಗೆ ಹಾಕಬೇಕು ಅಂದಾಗ

ಯಂತ್ರಗಳ ಕಂಟ್ರೋಲರ್‌ಗೆ ಸಾಫ್ಟ್‌ವೇರ್ ಹಾಕಿ ಕೊಡುವುದು ನನ್ನ ಕೆಲಸ. ಹಾಗಾಗಿ ಓಡಾಟ ಜಾಸ್ತಿ, ಲ್ಯಾಪ್‌ಟಾಪ್ ಯಾವಾಗಲೂ ಜೊತೆಯಲ್ಲೇ. ಒಮ್ಮೆ ವಿಮಾನ ಹತ್ತುವ ಗೇಟಿನಲ್ಲಿ, ಮೇಲೆ ಜಾಗ ಇಲ್ಲ, ನಿಮ್ಮ ಬ್ಯಾಗ್ ಕೆಳಗೆ ಹಾಕಬೇಕು ಅಂದರು. ಸುಮ್ನೆ ಕೊಟ್ಟುಬಿಟ್ಟೆ. ಚೀಟಿ ಕಟ್ಟುತ್ತಿದ್ದ ಹುಡುಗಿ, "ಸರ್, ಒಳಗೆ ಪವರ್ ಬ್ಯಾಂಕ್, ಬಿಡಿ ಬ್ಯಾಟರಿ ಏನಾದ್ರೂ ಇದೆಯಾ?" ಎಂದು ಕೇಳಿದಳು. ಎರಡೂ ಇದ್ದವು. ಲ್ಯಾಪ್‌ಟಾಪ್ ಕೂಡ ಒಳಗೇ, ಅದೂ ಸ್ಲೀಪ್‌ನಲ್ಲಿ.

ಬಿಡಿ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ನಮ್ಮ ಜೊತೆ ಕ್ಯಾಬಿನ್‌ನಲ್ಲೇ ಇರಬೇಕು. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಅಲ್ಲಿ ಯಾರಾದರೂ ನೋಡಿ ಆರಿಸಬಹುದು, ಕೆಳಗಿನ ಲಗೇಜಿನಲ್ಲಾದರೆ ಕೈಗೇ ಸಿಗುವುದಿಲ್ಲ. ಲ್ಯಾಪ್‌ಟಾಪ್ ಕೂಡ ಜೊತೆಗಿದ್ದರೇ ಒಳ್ಳೆಯದು. ಕೆಳಗೆ ಹಾಕಲೇಬೇಕಾದರೆ ಪೂರ್ತಿ ಶಟ್ ಡೌನ್ ಮಾಡಿರಬೇಕು, ಸ್ಲೀಪ್ ಸಾಲದು. ಸ್ಲೀಪ್‌ನಲ್ಲಿದ್ದದ್ದು ಬ್ಯಾಗಿನೊಳಗೇ ಎದ್ದು ಕೆಲಸ ಶುರುಮಾಡಿದರೆ ಬಿಸಿ ಹೋಗಲು ದಾರಿ ಇರುವುದಿಲ್ಲ. ಬ್ಯಾಗ್ ತೆರೆದಾಗ ತಳ ಸುಡುತ್ತಿದ್ದರೆ ಆಗಿರುವುದು ಅದೇ.

ಆಮೇಲೆ ಬ್ಯಾಟರಿ ಎಷ್ಟು ದೊಡ್ಡದು ಎಂಬ ಪ್ರಶ್ನೆ ಬಂತು. ಲೆಕ್ಕ ವ್ಯಾಟ್-ಅವರ್‌ನಲ್ಲಿ. ಸಾಮಾನ್ಯವಾಗಿ 100 ವ್ಯಾಟ್-ಅವರ್‌ವರೆಗೆ ಅನುಮತಿ ಬೇಡ. 100ರಿಂದ 160ರವರೆಗಿನ ಬಿಡಿ ಬ್ಯಾಟರಿಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದೂ ಎರಡೇ. 160 ದಾಟಿದರೆ ಬಿಡುವುದಿಲ್ಲ. ನನ್ನ ಬ್ಯಾಟರಿಯ ಮೇಲೆ ಇದ್ದದ್ದು 11.1V, 7800mAh ಅಷ್ಟೇ. 7800 ಅಂದರೆ 7.8 ಆಂಪಿಯರ್-ಅವರ್. ಅದನ್ನು 11.1ರಿಂದ ಗುಣಿಸಿದರೆ ಸುಮಾರು 87. ಅಲ್ಲೇ ಮೊಬೈಲಿನಲ್ಲಿ ಗುಣಿಸಿ ತೋರಿಸಿದೆ, ಒಪ್ಪಿದರು. ಪವರ್ ಬ್ಯಾಂಕ್‌ಗೆ ಯುಎಸ್‌ಬಿಯ 5 ವೋಲ್ಟ್ ಹಿಡಿಯಬೇಡಿ, ಒಳಗಿನ ಸೆಲ್‌ನದು ಸಾಮಾನ್ಯವಾಗಿ 3.7. ಹಾಗಾಗಿ 20000mAh ಅಂದರೆ 74 ವ್ಯಾಟ್-ಅವರ್. ಅಂಕಿ ಅಳಿಸಿಹೋಗಿದ್ದರೆ ಅಲ್ಲೇ ಇಟ್ಟುಬಿಡಿ ಅನ್ನಬಹುದು. ಹಾಗಾಗಿ ಅಕ್ಷರ ಮಾಸಿದ ಬ್ಯಾಟರಿಯನ್ನು ನಾನು ಒಯ್ಯುವುದೇ ಇಲ್ಲ. ಉಬ್ಬಿದ್ದನ್ನಂತೂ ಖಂಡಿತ ಇಲ್ಲ. ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ಮುಚ್ಚಳ ಸರಿಯಾಗಿ ಕೂರದಿದ್ದರೆ ಒಳಗೆ ಬ್ಯಾಟರಿ ಉಬ್ಬಿರಬಹುದು.

ಚಾರ್ಜರ್ ವಿಷಯ ಇಷ್ಟು ಗೋಜಲಲ್ಲ. ಅದರ ಹೊಟ್ಟೆಯ ಮೇಲೆ `INPUT: 100-240V~ 50/60Hz` ಅಂತಿದ್ದರೆ ಯಾವ ದೇಶದ ಕರೆಂಟಿಗೂ ಸರಿ, ಪಿನ್ ಬದಲಿಸುವ ಅಡಾಪ್ಟರ್ ಸಾಕು. ಆ ಅಡಾಪ್ಟರ್ ವೋಲ್ಟೇಜ್ ಬದಲಿಸುವುದಿಲ್ಲ, ನೆನಪಿರಲಿ. ಗೋಡೆಗೆ ಹಾಕುವ ತಂತಿಯನ್ನೂ ಒಮ್ಮೆ ನೋಡಿ. ಅದರ ಪ್ಲಗ್ ಮೇಲೆ 125V ಎಂದಿದ್ದರೆ 230 ವೋಲ್ಟ್ ಇರುವ ಕಡೆ ಬೇಡ.

ಈಗ ಬಿಡಿ ಬ್ಯಾಟರಿಯ ಲೋಹದ ತುದಿಗೆ ಟೇಪ್ ಅಂಟಿಸಿ, ಪವರ್ ಬ್ಯಾಂಕ್ ಜೊತೆ ಸಣ್ಣ ಚೀಲದಲ್ಲಿ ಹಾಕಿ ಬ್ಯಾಗಿನ ಮೇಲ್ಭಾಗದಲ್ಲೇ ಇಡುತ್ತೇನೆ. ಬೀಗದ ಕೈ ತಗುಲಿ ಶಾರ್ಟ್ ಆಗಬಾರದು, ಅಲ್ವಾ. ಲ್ಯಾಪ್‌ಟಾಪ್ ಕವರಿನೊಳಗೆ, ಬೆನ್ನಿನ ಕಡೆ. ಚಾರ್ಜರ್ ಮುಚ್ಚಳಕ್ಕೆ ಒತ್ತದಂತೆ ಬೇರೆ ಅರೆಯಲ್ಲಿ. ಮೊದಲು ಒತ್ತಿ ತುಂಬಿ ಪರದೆಯ ನಡುವೆ ಬಿಳಿ ಕಲೆ ಬಂದಿತ್ತು. ಗೇಟಿನಲ್ಲಿ ಬ್ಯಾಗ್ ಕೇಳಿದರೆ ಚೀಲ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಎಳೆದುಕೊಂಡು, ಉಳಿದದ್ದನ್ನು ಕೊಡುತ್ತೇನೆ.