ಮಾದರಿ ಪ್ರತಿ ಹುಡುಕಿದ ಒಂದು ಶನಿವಾರ

ಒಂಬತ್ತನೇ ತರಗತಿಯ ಒಂದೇ ಪ್ರಬಂಧಕ್ಕೆ ನಾನು 4 ಕೊಟ್ಟಿದ್ದೆ, ಪಕ್ಕದ ವಿಭಾಗದ ಮೇಡಂ 2 ಕೊಟ್ಟಿದ್ದರು. ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ರೂಬ್ರಿಕ್, ಅಂದರೆ ಯಾವ ಹಂತದ ಬರಹದಲ್ಲಿ ಏನಿರಬೇಕು ಎಂದು ಹೇಳುವ ಪಟ್ಟಿ. ಮೂರನೇ ಹಂತಕ್ಕೆ ಅದರಲ್ಲಿ 'ಸಾಕಷ್ಟು ವಿವರಗಳಿವೆ' ಎಂದಿತ್ತು. ನಾಲ್ಕಕ್ಕೆ 'ಸಮೃದ್ಧ ವಿವರಗಳಿವೆ' ಎಂದಿತ್ತು. ಸಾಕಷ್ಟು ಎಂದರೆ ಎಷ್ಟು? ಅವರ ಸಾಕಷ್ಟು ಬೇರೆ, ನನ್ನದು ಬೇರೆ. ಆಸ್ಟ್ರೇಲಿಯಾದ ರಾಯ್ಸ್ ಸ್ಯಾಡ್ಲರ್ 1987ರಲ್ಲೇ ಇದನ್ನು ಹೇಳಿದ್ದಾರೆ: ಗುಣಮಟ್ಟವನ್ನು ಬರೀ ವರ್ಣನೆಯಿಂದ ತಿಳಿಸಲು ಆಗುವುದಿಲ್ಲ, ಜೊತೆಗೆ ಮಾದರಿಗಳನ್ನೂ ತೋರಿಸಬೇಕು. ನಾವು ಆ ಕೆಲಸಕ್ಕೆ ಕೂತದ್ದು ಉಡುಪಿಯ ನಮ್ಮ ಶಾಲೆಯಲ್ಲಿ, ಜೋರು ಮಳೆಯ ಒಂದು ಶನಿವಾರ ಮಧ್ಯಾಹ್ನ.

ಬೇರೆ ಬೇರೆ ಶಾಲೆಗಳ ನಾಲ್ಕು ಜನ ಕನ್ನಡ ಶಿಕ್ಷಕರು ಸೇರಿದ್ದೆವು. ಹಿಂದಿನ ವರ್ಷದ ಮಕ್ಕಳು 'ಮಳೆಗಾಲದಲ್ಲಿ ನಮ್ಮ ಮನೆ' ಎಂಬ ವಿಷಯಕ್ಕೆ ಬರೆದ 58 ಪ್ರತಿಗಳಿದ್ದವು. ಹೆಸರು, ಶಾಲೆ ಇರುವ ಭಾಗವನ್ನು ಮುಚ್ಚಿ ಬರೀ ನಂಬರ್ ಹಾಕಿದ್ದೆ. ಒಮ್ಮೆ ಮೇಲೆ ಮೇಲೆ ಓದಿ, ತೀರಾ ಸಾಧಾರಣದಿಂದ ತುಂಬ ಚೆನ್ನಾಗಿರುವವರೆಗೆ ಎಲ್ಲ ಬಗೆಯೂ ಬರುವ ಹಾಗೆ 20 ಆರಿಸಿ, ಅವನ್ನು ಟೈಪ್ ಮಾಡಿಸಿದ್ದೆ. ಮಕ್ಕಳ ಕಾಗುಣಿತದ ತಪ್ಪುಗಳನ್ನು ಹಾಗೇ ಬಿಟ್ಟಿದ್ದೆ. ದುಂಡಗಿನ ಅಕ್ಷರ ಕಂಡರೆ ನಮಗೆ ಗೊತ್ತಿಲ್ಲದೆಯೇ ಅರ್ಧ ಹಂತ ಏರಿಬಿಡುತ್ತದೆ. ಟೈಪ್ ಮಾಡಿಸಿದ್ದು ಅದಕ್ಕೇ.

ನಿಯಮ ಒಂದೇ. ಯಾರೂ ಮಾತಾಡಬಾರದು. ಓದಿ, ಹಂತವನ್ನು ಚೀಟಿಯಲ್ಲಿ ಬರೆದು ಮಗುಚಿ ಇಡಬೇಕು. ಹೀಗೆ ಮಾಡದಿದ್ದರೆ ಹಿರಿಯರು ಮೊದಲು ಒಂದು ಅಂಕಿ ಹೇಳುತ್ತಾರೆ, ಉಳಿದವರು ಅದರ ಸುತ್ತವೇ ಸುತ್ತುತ್ತಾರೆ.

ಚೀಟಿ ತೆರೆದಾಗ 9 ಪ್ರತಿಗಳಿಗೆ ನಾಲ್ವರದ್ದೂ ಒಂದೇ ಅಂಕಿ. 7ಕ್ಕೆ ಒಂದು ಹಂತದ ವ್ಯತ್ಯಾಸ. ಉಳಿದ 4ಕ್ಕೆ ಅದಕ್ಕಿಂತ ಹೆಚ್ಚು. ಮಾದರಿ ಪ್ರತಿಗಳನ್ನು ಆ 9ರಿಂದ ಮಾತ್ರ ಆರಿಸುವುದು ಎಂದು ಮೊದಲೇ ಮಾತಾಗಿತ್ತು. ನಾವೇ ಒಪ್ಪದ ಪ್ರತಿಯನ್ನು ಹೊಸಬರ ಕೈಗೆ ಕೊಟ್ಟು ಇದೇ ಅಳತೆ ಎನ್ನಲು ಆಗುವುದಿಲ್ಲ, ಅಲ್ವಾ.

ಆದರೆ ನಮ್ಮ ಹೊತ್ತು ಹೆಚ್ಚು ಹೋದದ್ದು ಒಪ್ಪದ ನಾಲ್ಕರಲ್ಲೇ. ಅದರಲ್ಲೂ 11ನೇ ನಂಬರ್. ಚೀಟಿಗಳಲ್ಲಿ ಇದ್ದದ್ದು 2, 3, 4, 4.

ಬರೆದದ್ದು ಮೀನುಗಾರರ ಮನೆಯ ಹುಡುಗ ಇರಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅವನ ಮಳೆಗಾಲ ಅಲ್ಲಿಂದಲೇ ಶುರು. 'ಜೂನ್ ಒಂದಕ್ಕೆ ಬೋಟು ನಿಲ್ಲುತ್ತದೆ. ಅಪ್ಪ ಮನೆಯಲ್ಲಿ ಇರುತ್ತಾರೆ. ಆಗ ನಮ್ಮ ಮನೆ ಸಣ್ಣದಾಗುತ್ತದೆ. ಅಪ್ಪ ಬಲೆಯ ಹರಿದ ಕಣ್ಣು ಹುಡುಕುತ್ತಾರೆ, ನಾನು ನೂಲು ಕೊಡುತ್ತೇನೆ. ಅಮ್ಮ ಅಕ್ಕಿ ಡಬ್ಬದ ಮುಚ್ಚಳ ತೆಗೆದು ನೋಡಿ ಹಾಗೇ ಮುಚ್ಚುತ್ತಾರೆ. ನನಗೆ ಬಯ ಆಗುತ್ತದೆ.'

2 ಕೊಟ್ಟ ಮೇಡಂ ಹೇಳಿದರು: "ಭಯಕ್ಕೆ ಬಯ, ಧಾರಾಕಾರಕ್ಕೆ ದಾರಾಕಾರ. ಪುಟಕ್ಕೆ ಆರೇಳು ತಪ್ಪು ಉಂಟು. ಇದಕ್ಕೆ ನಾಲ್ಕು ಕೊಡುವುದು ಹೇಗೆ ಮಾರಾಯ್ರೆ?"

ತುಳು ಮಾತಾಡುವ ಮನೆಯ ಮಕ್ಕಳಿಗೆ ಮಹಾಪ್ರಾಣ ಸುಲಭಕ್ಕೆ ಹತ್ತುವುದಿಲ್ಲ, ಅದು ನಮಗೆಲ್ಲ ಗೊತ್ತು. ಆದರೂ ಮೇಡಂ ಹೇಳಿದ್ದು ಸುಳ್ಳಲ್ಲ. ಹಿರಿಯ ಮಾಷ್ಟ್ರು ಮೆಲ್ಲ ಕೇಳಿದರು: "ನೀವು ಭಾಷೆಗೆ ಎರಡು ಕೊಟ್ಟದ್ದಾ, ವಿಷಯಕ್ಕಾ?" ಆಗ ಗೊತ್ತಾಯಿತು. ನಾವು ನಾಲ್ವರೂ ಮೂರು ಮಾನದಂಡಗಳನ್ನು ಕಲಸಿ ಒಂದೇ ಅಂಕಿ ಮಾಡಿದ್ದೆವು. ಬೇರೆ ಬೇರೆ ಹಾಕಿ ನೋಡಿದಾಗ ಎಲ್ಲರಿಂದಲೂ ವಿವರಕ್ಕೆ 4, ಜೋಡಣೆಗೆ 3, ಭಾಷೆಗೆ 2 ಬಂತು. ಜಗಳ ಅಲ್ಲಿಗೇ ಮುಗಿಯಿತು.

ಆ ಪ್ರತಿ ನನಗೆ ತುಂಬ ಹಿಡಿಸಿತ್ತು. ಮಾದರಿಯಾಗಿ ಇಡಲೇಬೇಕು ಎಂದು ಹಟ ಹಿಡಿದೆ. ಮಾಷ್ಟ್ರು ಒಪ್ಪಲಿಲ್ಲ. ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಇರುವ ಪ್ರತಿಯನ್ನು ಮೊದಲ ಸಲಕ್ಕೇ ತೋರಿಸಿದರೆ ನೋಡುವವರಿಗೆ ಹಂತ ಕಾಣುವುದಿಲ್ಲ, ಗೊಂದಲ ಕಾಣುತ್ತದೆ ಎಂದರು. ಅದು ಸರಿ. ಅದನ್ನು ಅಭ್ಯಾಸದ ಕಟ್ಟಿಗೆ ಹಾಕಿದೆವು. ಮಾದರಿಗಳನ್ನು ನೋಡಿದ ಮೇಲೆ ಮೌಲ್ಯಮಾಪಕರು ತಾವೇ ಹಂತ ಹಾಕಿ ನೋಡುವ ಕಟ್ಟು ಅದು.

ನಾಲ್ಕನೇ ಹಂತದಲ್ಲಿ ಇನ್ನೊಂದು ತೊಡಕು ಇತ್ತು. ಎಲ್ಲರೂ ಒಪ್ಪಿದ ಎರಡು ಪ್ರತಿಗಳೂ ಒಂದೇ ಥರ. ಎರಡೂ ಪದ್ಯದ ಸಾಲಿನಿಂದ ಶುರುವಾಗುತ್ತಿದ್ದವು, ತುಂಬ ಅಲಂಕಾರ. ಇವೆರಡನ್ನೇ ಇಟ್ಟರೆ ಅಲಂಕಾರ ಇದ್ದರೆ ಮಾತ್ರ ನಾಲ್ಕು ಎಂದು ಆಗುತ್ತಿತ್ತು. ಒಂದನ್ನು ತೆಗೆದು, ಉಳಿದ 38ರಲ್ಲಿ ಸಾದಾ ಭಾಷೆಯ ನಾಲ್ಕು ಸಿಗುತ್ತದಾ ಎಂದು ಹುಡುಕಿದೆವು. 34ನೇ ನಂಬರ್ ಸಿಕ್ಕಿತು. ಸೋರುವ ಹಂಚಿನ ಮನೆಯಲ್ಲಿ ಅಜ್ಜಿ ಯಾವ ಸೋರಿಕೆಗೆ ಯಾವ ಪಾತ್ರೆ ಇಡುತ್ತಾರೆ ಎಂದು ಒಬ್ಬಳು ಹುಡುಗಿ ಬರೆದಿದ್ದಳು. ಹೆಚ್ಚು ಸೋರುವಲ್ಲಿಗೆ ಹಂಡೆ, ದೇವರ ಕೋಣೆಗೆ ತೊಳೆದ ಚೆಂಬು. ಮತ್ತೆ ಚೀಟಿ ಬರೆದೆವು. ನಾಲ್ಕೂ ಚೀಟಿಯಲ್ಲಿ 4.

ಮೂರನೇ ಹಂತಕ್ಕೆ ನಾನು ಆರಿಸಿದ್ದು ಮೂರರಲ್ಲೇ ಅತ್ಯಂತ ಒಳ್ಳೆಯದನ್ನು. ಮಾಷ್ಟ್ರು ಅದನ್ನು ಬದಿಗಿಟ್ಟರು. "ಇದನ್ನೇ ಮೂರು ಎಂದು ತೋರಿಸಿದರೆ ಇದಕ್ಕಿಂತ ಸ್ವಲ್ಪ ಕಡಿಮೆ ಇರುವ ಮಕ್ಕಳೆಲ್ಲ ಎರಡಕ್ಕೆ ಬೀಳ್ತಾರೆ ಟೀಚರೇ." ಹಾಗಾಗಿ ಹಂತದ ನಟ್ಟ ನಡುವಿನದನ್ನು ತೆಗೆದುಕೊಂಡೆವು. ಅದರ ಪಕ್ಕಕ್ಕೆ ಮೂರಕ್ಕೆ ಕಷ್ಟಪಟ್ಟು ತಲುಪಿದ ಒಂದನ್ನೂ ಇಟ್ಟು, 'ಇದೂ ಮೂರೇ' ಎಂದು ಬರೆದೆವು. ಮೌಲ್ಯಮಾಪಕರ ಕೈ ತಡೆಯುವುದು ಅಂಥ ಗಡಿಯಲ್ಲೇ.

ಪ್ರತಿಯೊಂದಕ್ಕೂ ಕಾರಣ ಬರೆಯುವಾಗ ರೂಬ್ರಿಕ್‌ನ ಮಾತನ್ನೇ ಮತ್ತೆ ಬರೆಯಬಾರದು ಎಂದುಕೊಂಡೆವು. 'ವಿವರ ಸಮೃದ್ಧವಾಗಿದೆ' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. 34ರ ಅಂಚಿನಲ್ಲಿ ಹೀಗೆ ಬರೆದೆವು: 'ಪಾತ್ರೆಗಳ ಸಾಲು ನೋಡಿ. ಬಡತನ ಎಂಬ ಮಾತು ಎಲ್ಲೂ ಇಲ್ಲ, ಆದರೂ ತಿಳಿಯುತ್ತದೆ.' ರೂಬ್ರಿಕ್‌ನಲ್ಲಿ 'ಸಮೃದ್ಧ' ತೆಗೆದು 'ಈ ಮನೆಗೇ ಸೇರಿದ ವಿವರಗಳಿವೆ' ಎಂದು ತಿದ್ದಿದೆವು. ಚಾ, ಗೋಳಿಬಜೆ ಆಗಿ, ಏಳುವಾಗ ಆರೂವರೆ.

ತರಗತಿಗೆ ಒಯ್ಯುವ ಮೊದಲು ಮೂರು ವಿಷಯ ನೋಡಿಕೊಂಡೆ. ಬರೆದ ಮಕ್ಕಳ ಮತ್ತು ಮನೆಯವರ ಒಪ್ಪಿಗೆ ಪಡೆದೆ. ಒಂದನೇ ಮತ್ತು ಎರಡನೇ ಹಂತಗಳಿಗೆ ಯಾವ ಮಗುವಿನ ಪ್ರತಿಯನ್ನೂ ತೋರಿಸಲಿಲ್ಲ. ಸಾಮಾನ್ಯವಾಗಿ ಕಾಣುವ ಕೊರತೆಗಳನ್ನು ಸೇರಿಸಿ ನಾವೇ ಬರೆದೆವು. ಮಕ್ಕಳು ಮುಂದೆ ಬರೆಯಬೇಕಾದ ವಿಷಯವನ್ನೂ ಬೇರೆಯೇ ಇಟ್ಟೆ: 'ನಮ್ಮ ಊರಿನ ಸಂತೆ'. ಹಿಂದೊಮ್ಮೆ ಒಳ್ಳೆಯ ಪ್ರಬಂಧವೊಂದನ್ನು ಓದಿ ಹೇಳಿ ಅದೇ ವಿಷಯ ಕೊಟ್ಟಿದ್ದೆ. ಹದಿನಾಲ್ಕು ಮಕ್ಕಳು ಒಂದೇ ಸಾಲಿನಿಂದ ಶುರುಮಾಡಿದ್ದರು.

ಹಂತ ಹೇಳದೆ ಎರಡು ಪ್ರತಿ ಹಂಚಿದೆ. ಒಂದು ಮೂರನೇ ಹಂತದ್ದು, ಎರಡೂವರೆ ಪುಟ. ಇನ್ನೊಂದು 34ನೇ ನಂಬರ್, ಒಂದೂಕಾಲು ಪುಟ. ಹೆಚ್ಚಿನವರು ಉದ್ದದ್ದನ್ನೇ ಮೇಲಿಟ್ಟರು. ನಾನು ಸರಿ ತಪ್ಪು ಹೇಳಲಿಲ್ಲ. ಓದಿದ ಮೇಲೂ ಕಣ್ಣ ಮುಂದೆ ನಿಂತ ಸಾಲಿಗೆ ಗೆರೆ ಎಳೆಯಿರಿ ಎಂದೆ. ಉದ್ದದ್ದರಲ್ಲಿ ಒಂದೋ ಎರಡೋ ಗೆರೆ ಬಿದ್ದವು. 34ರಲ್ಲಿ ಚೆಂಬಿನ ಸಾಲಿಗೆ ಬಹುತೇಕ ಎಲ್ಲರೂ ಗೆರೆ ಎಳೆದಿದ್ದರು.

ಮುಂದಿನ ವಾರ ಹಿಂದಿನ ಬೆಂಚಿನ ಹುಡುಗಿ ಸಂತೆಯ ಪ್ರಬಂಧ ತಂದಳು. 'ಸಂತೆಯಲ್ಲಿ ತುಂಬ ಜನ ಇರುತ್ತಾರೆ' ಎಂಬುದನ್ನು ಹೊಡೆದು ಹಾಕಿ ಮೇಲೆ ಬರೆದಿದ್ದಳು: 'ಮಟ್ಟುಗುಳ್ಳದ ಬುಟ್ಟಿ ಹಿಡಿದ ಅಜ್ಜಿ, ಜನ ನೂಕಿದಾಗಲೆಲ್ಲ ಬುಟ್ಟಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು.'

"ಈಗ ಮೂರಾ ಟೀಚರ್?" ಎಂದು ಕೇಳಿದಳು. ನಾನು ಮೂರನೇ ಹಂತದ ಎರಡೂ ಮಾದರಿಗಳನ್ನು ಅವಳ ಮುಂದಿಟ್ಟೆ. ಅವಳು ಮೂರನ್ನೂ ಸಾಲಾಗಿ ಹರಡಿಕೊಂಡು, ಪೆನ್ಸಿಲ್ ಹಿಡಿದು ಓದಲು ಕೂತಳು.